ತುರ್ತುನಿಧಿಯ ನೆಲೆ: ರಾಮನಗರ ಸೀಮೆಯ ಮನೆವಾರ್ತೆಯಲ್ಲಿ ಉಳಿತಾಯ ಖಾತೆ, ಅಲ್ಪಾವಧಿ ಠೇವಣಿ ಮತ್ತು ಲಿಕ್ವಿಡ್ ಫಂಡ್

ತುರ್ತುನಿಧಿ ಎಂದರೆ ಆಸ್ಪತ್ರೆ ಖರ್ಚು, ಬೆಳೆನಷ್ಟ, ಕೆಲಸ ತಪ್ಪುವುದು ಮೊದಲಾದ ಮುನ್ಸೂಚನೆಯಿಲ್ಲದ ಸಂದರ್ಭಗಳಿಗಾಗಿ, ಸಾಲ ಮಾಡದೆ ಮತ್ತು ಆಸ್ತಿ ಮಾರದೆ ಕೈಗೆ ಸಿಗುವಂತೆ ಒಂದು ಕುಟುಂಬ ಬೇರೆಯಾಗಿ ತೆಗೆದಿಟ್ಟ ಹಣ. ಮದುವೆ, ಶಾಲೆಯ ಶುಲ್ಕ, ಹಬ್ಬದ ಖರ್ಚು ಇದರೊಳಗೆ ಬರುವುದಿಲ್ಲ. ಅವುಗಳ ದಿನ ಮೊದಲೇ ಗೊತ್ತಿರುತ್ತದೆ. ಈ ಲೇಖನ ರಾಮನಗರ, ಚನ್ನಪಟ್ಟಣ, ಕನಕಪುರ ಮತ್ತು ಮಾಗಡಿ ತಾಲ್ಲೂಕುಗಳ ಮನೆವಾರ್ತೆಯನ್ನು ಮುಂದಿಟ್ಟುಕೊಂಡು, ಅಂಥ ಹಣವನ್ನು ಎಲ್ಲಿ ಇಡಬೇಕೆಂಬುದನ್ನು ವಿವರಿಸುತ್ತದೆ. 2007ರಲ್ಲಿ ಬೆಂಗಳೂರು ಗ್ರಾಮಾಂತರದಿಂದ ಬೇರ್ಪಟ್ಟು ರಾಮನಗರ ಜಿಲ್ಲೆಯಾದ ಈ ಪ್ರದೇಶಕ್ಕೆ 2025ರಲ್ಲಿ ಬೆಂಗಳೂರು ದಕ್ಷಿಣ ಜಿಲ್ಲೆ ಎಂದು ಹೆಸರಿಡಲಾಯಿತು.

ಹಣ ಎಷ್ಟು ಬೇಗ ಕೈಗೆ ಬರುತ್ತದೆ, ಎಷ್ಟು ಬಡ್ಡಿ ತರುತ್ತದೆ ಎಂಬ ಎರಡು ಗುಣಗಳನ್ನು ಈ ವಿಷಯದಲ್ಲಿ ಸಾಮಾನ್ಯವಾಗಿ ಸಮನಾಗಿ ತೂಗಲಾಗುತ್ತದೆ. ಆದರೆ ಲೆಕ್ಕಕ್ಕೆ ಕುಳಿತರೆ ಇವೆರಡೂ ಒಂದೇ ತೂಕದವಲ್ಲ. ತುರ್ತುನಿಧಿಯ ಗಾತ್ರ ಚಿಕ್ಕದು. ಹಾಗಾಗಿ ಬಡ್ಡಿದರದಲ್ಲಿ ಮೂರು ನಾಲ್ಕು ಅಂಶದ ವ್ಯತ್ಯಾಸ ವರ್ಷಕ್ಕೆ ಕೆಲವು ಸಾವಿರ ರೂಪಾಯಿ ಮಾತ್ರ. ಬೇಕಾದ ಹೊತ್ತಿಗೆ ಹಣ ಸಿಗದೆ ಒಡವೆ ಗಿರವಿ ಇಟ್ಟರೆ ಅದೇ ಕೆಲವು ಸಾವಿರ ನಾಲ್ಕೇ ತಿಂಗಳಲ್ಲಿ ಹೋಗುತ್ತದೆ. ಆದ್ದರಿಂದ ಹಣವನ್ನು ಹಂಚುವಾಗ ಅದು ಯಾವ ಗಂಟೆಗೆ, ಯಾವ ದಿನ ಬೇಕಾದೀತು ಎಂಬುದು ಮೊದಲು ತೀರ್ಮಾನವಾಗಬೇಕು, ಬಡ್ಡಿಯ ಮಾತು ಆಮೇಲೆ.

ಹಿನ್ನೆಲೆ

ಕರ್ನಾಟಕದಲ್ಲಿ ಸಣ್ಣ ಆದಾಯದವರ ಉಳಿತಾಯವನ್ನು ಬ್ಯಾಂಕಿನೊಳಗೆ ತಂದ ಮುಖ್ಯ ಪ್ರಯೋಗ ಕರಾವಳಿಯಲ್ಲಿ ನಡೆಯಿತು. 1925ರಲ್ಲಿ ಉಡುಪಿಯಲ್ಲಿ ಆರಂಭವಾಗಿ ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದ ಸಂಸ್ಥೆ 1928ರಲ್ಲಿ ಪಿಗ್ಮಿ ಠೇವಣಿ ತಂದಿತು. ಬ್ಯಾಂಕಿನ ಏಜೆಂಟ್ ದಿನವೂ ಮನೆಗೆ, ಅಂಗಡಿಗೆ ಬಂದು ಎರಡಾಣೆಯಷ್ಟು ಸಣ್ಣ ಮೊತ್ತವನ್ನೂ ಪಡೆದು ಚೀಟಿ ಕೊಡುತ್ತಿದ್ದ. ಪಿಗ್ಮಿ ಪದ್ಧತಿ ಸಹಕಾರ ಸಂಘಗಳ ಮೂಲಕ ರಾಜ್ಯದುದ್ದಕ್ಕೂ ಹರಡಿ ಇಂದಿಗೂ ಪೇಟೆಬೀದಿಗಳಲ್ಲಿ ಉಳಿದಿದೆ. ಹಣ ಕೂಡಿಸುವುದಕ್ಕೆ ಅದು ಒಳ್ಳೆಯ ದಾರಿ. ಆದರೆ ಅವಧಿಗೆ ಮುಂಚೆ ತೆಗೆದರೆ ಬಡ್ಡಿ ಬಿಟ್ಟುಕೊಡಬೇಕಾಗುವುದರಿಂದ, ಕೂಡಿಸಿದ ಹಣವನ್ನು ಆಪತ್ತಿಗೆಂದು ಅಲ್ಲೇ ಇಡಲು ಅದು ಅಷ್ಟು ಒಗ್ಗುವುದಿಲ್ಲ.

ಉಳಿತಾಯ ಖಾತೆಯ ಬಡ್ಡಿದರವನ್ನು ಬಹುಕಾಲ ರಿಸರ್ವ್ ಬ್ಯಾಂಕೇ ನಿಗದಿ ಮಾಡುತ್ತಿತ್ತು. 2010ರ ಏಪ್ರಿಲ್‌ನಿಂದ ದಿನದಿನದ ಬಾಕಿಯ ಮೇಲೆ ಬಡ್ಡಿ ಲೆಕ್ಕ ಹಾಕುವ ಕ್ರಮ ಬಂತು. 2011ರ ಅಕ್ಟೋಬರ್‌ನಲ್ಲಿ ದರ ನಿಗದಿಯ ಅಧಿಕಾರ ಆಯಾ ಬ್ಯಾಂಕಿಗೆ ಹೋಯಿತು. ದೊಡ್ಡ ಬ್ಯಾಂಕುಗಳಿಗೆ ಠೇವಣಿದಾರರ ಕೊರತೆಯಿಲ್ಲ, ಅವು ದರವನ್ನು ಇಳಿಸುತ್ತ ಬಂದವು. ಸ್ಟೇಟ್ ಬ್ಯಾಂಕಿನ ಉಳಿತಾಯ ದರ 2025ರ ಜೂನ್‌ನಲ್ಲಿ ಶೇ 2.5ಕ್ಕೆ ಬಂತು. ಸಣ್ಣ ಹಣಕಾಸು ಬ್ಯಾಂಕುಗಳಿಗೆ ಠೇವಣಿ ಬೇಕು, ಅವು ಹೆಚ್ಚು ಕೊಡುತ್ತವೆ. ಉಳಿತಾಯ ಖಾತೆಯಿಂದ ಆಚೆ ನೋಡಬೇಕೆ ಎಂಬ ಪ್ರಶ್ನೆ ಸಾಮಾನ್ಯ ಮನೆಗಳಲ್ಲಿ ಎದ್ದದ್ದು ಈ ಅಂತರದಿಂದಲೇ.

ಈ ಸೀಮೆಯ ಆಪತ್ತಿನ ಸ್ವರೂಪ

ನಿಧಿ ಎಷ್ಟಿರಬೇಕೆಂಬುದಕ್ಕೆ ಮೂರು ತಿಂಗಳ ಅಥವಾ ಆರು ತಿಂಗಳ ಖರ್ಚು ಎಂಬ ಸೂತ್ರ ಸಂಬಳದವರನ್ನು ನೆನೆದು ಹುಟ್ಟಿದ್ದು. ರೇಷ್ಮೆ ಬೆಳೆಯುವ ಮನೆಯಲ್ಲಿ ಆ ಅಂಕಿ ಬೆಳೆಯ ನಡೆಯಿಂದಲೇ ಹೊರಡುತ್ತದೆ. ಚಾಕಿ ಹುಳು ತಂದು ಮೇಯಿಸಿ, ನಾಲ್ಕನೇ ಜ್ವರ ಕಳೆದು, ಹಣ್ಣಾದ ಹುಳುವನ್ನು ಚಂದ್ರಿಕೆಗೆ ಬಿಟ್ಟು, ಗೂಡು ಬಿಡಿಸಿ ರಾಮನಗರದ ಮಾರುಕಟ್ಟೆಗೆ ಒಯ್ದರೆ ಮೂರೂವರೆ ನಾಲ್ಕು ವಾರದೊಳಗೆ ಹಣ ಕಾಣುತ್ತದೆ. ಹಾಲುತೊಂಡೆಯೋ ಸಪ್ಪೆರೋಗವೋ ಬಿದ್ದರೆ ಹುಳು ಹೋಗುವುದು ಸಾಮಾನ್ಯವಾಗಿ ಕೊನೆಯ ಜ್ವರದ ನಂತರ. ಅಂದರೆ ಸೊಪ್ಪು, ಕೂಲಿ ಎಲ್ಲ ಖರ್ಚಾದ ಮೇಲೆ. ಆಮೇಲೆ ಹುಳುಮನೆ ತೊಳೆದು ಸೋಂಕು ನಿವಾರಣೆ ಮಾಡಬೇಕು, ಕತ್ತರಿಸಿದ ಹಿಪ್ಪುನೇರಳೆ ಮತ್ತೆ ಚಿಗುರಿ ಸೊಪ್ಪಾಗಲು ಒಂದೂವರೆಯಿಂದ ಎರಡು ತಿಂಗಳು ಕಾಯಬೇಕು, ಅದರ ಮೇಲೆ ಹೊಸ ಬೆಳೆಯ ಅವಧಿ. ಒಂದೇ ತೋಟವಿರುವ ರೈತನಿಗೆ ಒಂದು ಬೆಳೆ ಕೈಕೊಟ್ಟರೆ ಮುಂದಿನ ಹಣಕ್ಕೆ ಸುಮಾರು ಮೂರು ತಿಂಗಳು. ಹಸುವಿದ್ದ ಮನೆಗೆ ಡೇರಿಯ ಬಟವಾಡೆ ನಡುವೆ ಆಸರೆಯಾಗುತ್ತದೆ, ಆದರೆ ಇಡೀ ಖರ್ಚನ್ನು ಹೊರುವುದಿಲ್ಲ.

ಇನ್ನೊಂದು ಲಕ್ಷಣ ಇದಕ್ಕಿಂತ ಮುಖ್ಯ: ಇಲ್ಲಿ ಆಪತ್ತು ಒಂಟಿಯಾಗಿ ಬರುವುದು ಕಡಿಮೆ. 2011ರ ಕೇಂದ್ರ ಬಜೆಟ್‌ನಲ್ಲಿ ಕಚ್ಚಾ ರೇಷ್ಮೆಯ ಆಮದು ಸುಂಕ ಶೇ 30ರಿಂದ ಶೇ 5ಕ್ಕೆ ಇಳಿದಾಗ ಗೂಡಿನ ಬೆಲೆ ಕುಸಿಯಿತು. ಆ ಪೆಟ್ಟು ಬಿದ್ದದ್ದು ಬೆಳೆಗಾರರೆಲ್ಲರಿಗೂ. 2020ರ ಮಾರ್ಚ್ ಕೊನೆಯಲ್ಲಿ ಲಾಕ್‌ಡೌನ್ ಬಂದಾಗ ಚನ್ನಪಟ್ಟಣದ ಬೊಂಬೆ ಮಾಡುವವರು, ನೂಲು ಬಿಚ್ಚುವ ರೀಲರುಗಳು, ಕನಕಪುರದ ಕಲ್ಲು ಕೆಲಸದವರು ಒಟ್ಟಿಗೇ ಕೈಕಟ್ಟಿ ಕೂರಬೇಕಾಯಿತು. 2022ರ ಆಗಸ್ಟ್ ಕೊನೆಯ ಮಳೆಗೆ ರಾಮನಗರದ ತಗ್ಗು ಬಡಾವಣೆಗಳೂ ಬೆಂಗಳೂರು-ಮೈಸೂರು ಹೆದ್ದಾರಿಯೂ ನೀರಿನಡಿ ಹೋದವು. ನೆಂಟರಿಷ್ಟರಿಂದ ಕೈಗಡ ತರುವುದು, ಸಂಘದಲ್ಲಿ ಕೇಳುವುದು, ಚೀಟಿ ಎತ್ತುವುದು ಇವೆಲ್ಲ ಒಬ್ಬರಿಗೆ ಕಷ್ಟ ಬಂದು ಉಳಿದವರು ಸುಖವಾಗಿರುವಾಗ ಚೆನ್ನಾಗಿ ನಡೆಯುವ ವ್ಯವಸ್ಥೆಗಳು. ಊರಿಗೆ ಊರೇ ಒಂದೇ ಬೆಳೆಯ ಮೇಲೆ ನಿಂತಿರುವಲ್ಲಿ ಎಲ್ಲರೂ ಒಂದೇ ವಾರದಲ್ಲಿ ಸಾಲ ಕೇಳುತ್ತಾರೆ. ಹೀಗಾಗಿ ಈ ಸೀಮೆಯ ತುರ್ತುನಿಧಿ ಊರಿನ ಹಣದ ಹರಿವಿನಿಂದ ಹೊರಗೆ ಇರಬೇಕಾಗುತ್ತದೆ. ಬ್ಯಾಂಕು, ಲಿಕ್ವಿಡ್ ಫಂಡ್‌ಗಳ ನಿಜವಾದ ಉಪಯೋಗ ಬಡ್ಡಿಗಿಂತ ಹೆಚ್ಚಾಗಿ ಇದು.

ಉಳಿತಾಯ ಖಾತೆ

ಉಳಿತಾಯ ಖಾತೆ ಹಗಲಿರುಳೂ ಹಣ ಕೊಡುವ ಮುಖ್ಯ ಜಾಗ. ಎಟಿಎಂ, ಯುಪಿಐ, ಡೆಬಿಟ್ ಕಾರ್ಡ್ ಮೂರೂ ಇದಕ್ಕೇ ಸೇರಿಕೊಂಡಿವೆ. ರಾತ್ರಿ ಹನ್ನೊಂದಕ್ಕೆ ಕನಕಪುರದಿಂದ ಆಂಬುಲೆನ್ಸ್ ಬೆಂಗಳೂರಿನತ್ತ ಹೊರಟರೆ ಖಾಸಗಿ ಆಸ್ಪತ್ರೆ ಕೇಳುವ ಮುಂಗಡಕ್ಕೆ ಒದಗುವುದು ಈ ಹಣ. ಯುಪಿಐಯಲ್ಲಿ ಸಾಮಾನ್ಯ ಪಾವತಿಗೆ ದಿನಕ್ಕೆ 1 ಲಕ್ಷ ರೂಪಾಯಿ ಮಿತಿ. ಆಸ್ಪತ್ರೆಗಳಿಗೆ 5 ಲಕ್ಷದವರೆಗೆ ಅವಕಾಶವಿದೆ, ಬ್ಯಾಂಕ್ ತನ್ನ ಕಡೆಯಿಂದ ಇನ್ನೂ ಕಡಿಮೆ ಮಿತಿ ಇಟ್ಟಿರಬಹುದು. ಮಳೆಗೆ ಕರೆಂಟೂ ಮೊಬೈಲ್ ಟವರೂ ಹೋದ ದಿನ ಇದಾವುದೂ ನಡೆಯುವುದಿಲ್ಲವಾದ್ದರಿಂದ ಮನೆಯಲ್ಲಿ ಎರಡು ಮೂರು ಸಾವಿರ ನಗದು ಇರುವುದು ತುರ್ತುನಿಧಿಯ ಭಾಗವೇ.

ಖಾತೆಯಲ್ಲಿ ಹಣವಿದ್ದೂ ಸಿಗದ ಸಂದರ್ಭಗಳು ಮೂರು ನಾಲ್ಕು ಇವೆ. ಬಡ್ಡಿ ಕಡಿಮೆ ಎಂಬ ದೂರಿಗಿಂತ ಇವು ಗಂಭೀರ. ಮೊದಲನೆಯದು ಖಾತೆದಾರನೇ ಹಾಸಿಗೆ ಹಿಡಿಯುವುದು. ಖಾತೆ ಅವನೊಬ್ಬನ ಹೆಸರಿನಲ್ಲಿದ್ದರೆ ಅವನ ಸಹಿಯಿಲ್ಲದೆ ಹೆಂಡತಿ ಕಾನೂನುಬದ್ಧವಾಗಿ ಒಂದು ರೂಪಾಯಿಯನ್ನೂ ತೆಗೆಯಲಾರಳು. ನಾಮಿನಿಯ ಹಕ್ಕು ಹುಟ್ಟುವುದು ಸಾವಿನ ನಂತರ. ಜಂಟಿ ಖಾತೆ ಮಾಡಿ, ಇಬ್ಬರಲ್ಲಿ ಯಾರಾದರೂ ಅಥವಾ ಉಳಿದವರು ವ್ಯವಹರಿಸಬಹುದು ಎಂದು ಬರೆಸುವುದೇ ಇದಕ್ಕೆ ಪರಿಹಾರ. ಎರಡನೆಯದು ಸಾಲದ ಹಿಡಿತ. ಬೆಳೆಸಾಲ ಸುಸ್ತಿಯಾಗಿರುವ ಬ್ಯಾಂಕಿನಲ್ಲೇ ಉಳಿತಾಯವೂ ಇದ್ದರೆ, ಖಾತೆಯ ಹಣವನ್ನು ಸಾಲಕ್ಕೆ ಹೊಂದಿಸಿಕೊಳ್ಳುವ ಹಕ್ಕನ್ನು ಬ್ಯಾಂಕ್ ಚಲಾಯಿಸಬಹುದು. ಬೆಳೆ ಹೋದ ವರ್ಷವೇ ಸಾಲ ಸುಸ್ತಿಯಾಗುವುದರಿಂದ ಎರಡೂ ಒಂದೇ ದಿನ ಎದುರಾಗುತ್ತವೆ. ಸಾಲ ಒಂದು ಬ್ಯಾಂಕಿನಲ್ಲಿ, ತುರ್ತುನಿಧಿ ಇನ್ನೊಂದರಲ್ಲಿ ಎಂಬ ವಿಂಗಡಣೆಗೆ ಇದು ಸಾಕಷ್ಟು ಕಾರಣ. ಮೂರನೆಯದು ಮರೆವು: ಎರಡು ವರ್ಷ ಗ್ರಾಹಕನ ಕಡೆಯಿಂದ ವ್ಯವಹಾರವೇ ನಡೆಯದ ಖಾತೆ ನಿಷ್ಕ್ರಿಯವಾಗುತ್ತದೆ; ಕೆವೈಸಿ ನವೀಕರಿಸದಿದ್ದರೂ ತಡೆ ಬೀಳಬಹುದು. ಮುಟ್ಟದೆ ಇಟ್ಟ ಹಣಕ್ಕೆ ಈ ಅಪಾಯ ಸಹಜವಾಗಿಯೇ ಹೆಚ್ಚು. ವರ್ಷಕ್ಕೆ ಒಂದೆರಡು ಬಾರಿ ಸಣ್ಣ ಮೊತ್ತ ಹಾಕಿ ತೆಗೆದರೆ ಖಾತೆ ಜೀವಂತವಿದೆಯೇ ಎಂಬುದೂ ತಿಳಿಯುತ್ತದೆ.

ಅಲ್ಪಾವಧಿ ಠೇವಣಿ

ಬ್ಯಾಂಕಿನ ನಿಶ್ಚಿತ ಠೇವಣಿಯ ಕನಿಷ್ಠ ಅವಧಿ 7 ದಿನ. ಆಪತ್ತಿನ ಹಣಕ್ಕೆ ಸಾಮಾನ್ಯವಾಗಿ ಮೂರು ತಿಂಗಳಿನಿಂದ ಒಂದು ವರ್ಷದ ಅವಧಿ ಬಳಕೆಯಲ್ಲಿದೆ. ಠೇವಣಿ ಇಟ್ಟರೆ ಹಣ ಸಿಕ್ಕಿಬಿತ್ತು, ಮುರಿದರೆ ದಂಡ ಎಂಬ ಭಾವನೆ ವ್ಯಾಪಕವಾಗಿದೆ. ನಿಯಮವನ್ನು ನೋಡಿದರೆ ಆ ಭಯ ಅರ್ಧ ಮಾತ್ರ ನಿಜ. ವ್ಯಕ್ತಿಗಳು ಇಡುವ 1 ಕೋಟಿ ರೂಪಾಯಿವರೆಗಿನ ಅವಧಿ ಠೇವಣಿಗಳನ್ನು ಮಧ್ಯೆ ಮುರಿಯಲು ಬ್ಯಾಂಕ್ ಅವಕಾಶ ಕೊಡಲೇಬೇಕೆಂದು ರಿಸರ್ವ್ ಬ್ಯಾಂಕ್ 2023ರಲ್ಲಿ ಹೇಳಿದೆ. ತೆರಿಗೆ ವಿನಾಯಿತಿಗಾಗಿ ಇಡುವ ಐದು ವರ್ಷದ ಠೇವಣಿ ಇದಕ್ಕೆ ಹೊರತು. ಮುರಿದಾಗ ಅಸಲು ಕರಗುವುದಿಲ್ಲ. ಹಣ ಎಷ್ಟು ದಿನ ಇತ್ತೋ ಅಷ್ಟು ಅವಧಿಗೆ ಇದ್ದ ದರದಲ್ಲಿ ಅರ್ಧ ಅಥವಾ ಒಂದು ಅಂಶ ಕಳೆದು ಬಡ್ಡಿ ಕೊಡುತ್ತಾರೆ. ಏಳು ದಿನದೊಳಗೆ ಮುರಿದರೆ ಮಾತ್ರ ಬಡ್ಡಿಯೇ ಇಲ್ಲ.

ಒಂದು ಉದಾಹರಣೆ ಹಾಕಿ ನೋಡಬಹುದು. ವರ್ಷದ ಅವಧಿಗೆ ಇಟ್ಟ 20,000 ರೂಪಾಯಿಯನ್ನು ನಾಲ್ಕನೇ ತಿಂಗಳಿಗೆ ಮುರಿದರು, ನಾಲ್ಕು ತಿಂಗಳ ಠೇವಣಿಗೆ ಆಗ ದರ ಶೇ 5.5 ಇತ್ತು, ದಂಡ ಅರ್ಧ ಅಂಶ ಎಂದಿಟ್ಟುಕೊಂಡರೆ ಸಿಗುವುದು ಶೇ 5ರ ಲೆಕ್ಕದಲ್ಲಿ ಸುಮಾರು 333 ರೂಪಾಯಿ. ಅದೇ ಹಣ ಶೇ 2.5ರ ಉಳಿತಾಯ ಖಾತೆಯಲ್ಲಿದ್ದಿದ್ದರೆ 167. ದಂಡ ತೆತ್ತ ಮೇಲೂ ಠೇವಣಿಯೇ ಮುಂದಿದೆ. ಆದ್ದರಿಂದ ಠೇವಣಿಯ ನಿಜವಾದ ತೊಡಕು ದಂಡದಲ್ಲಿಲ್ಲ, ಮುರಿಯುವ ವಿಧಾನದಲ್ಲಿದೆ. ಮೊಬೈಲ್ ಆ್ಯಪ್‌ನಲ್ಲಿ ಇಟ್ಟ ಠೇವಣಿಯನ್ನು ಅಲ್ಲೇ ಮುರಿದು ನಿಮಿಷಗಳಲ್ಲಿ ಖಾತೆಗೆ ತರಬಹುದು. ಶಾಖೆಯಲ್ಲಿ ರಶೀದಿ ಪಡೆದು ಇಟ್ಟದ್ದಾದರೆ ಬ್ಯಾಂಕ್ ತೆರೆಯುವವರೆಗೆ ಕಾಯಬೇಕು. ಭಾನುವಾರ, ಎರಡನೇ ಮತ್ತು ನಾಲ್ಕನೇ ಶನಿವಾರ ಅದೂ ಇಲ್ಲ. ಜಂಟಿ ಠೇವಣಿಯಲ್ಲಿ ಅವಧಿಗೆ ಮುಂಚೆ ಮುರಿಯಲು ಒಬ್ಬರ ಸಹಿ ಸಾಕೇ ಎಂಬುದು ಅರ್ಜಿಯಲ್ಲಿ ಬರೆಸಿದ ಒಪ್ಪಿಗೆಯ ಮೇಲೆ ನಿಂತಿದೆ, ಇದನ್ನು ಇಡುವ ದಿನವೇ ಕೇಳಿಕೊಳ್ಳಬೇಕು.

ಮೊತ್ತವನ್ನು ಒಂದೇ ರಶೀದಿಯಲ್ಲಿ ಕಟ್ಟದೆ ಮೂರು ನಾಲ್ಕು ಸಣ್ಣ ಠೇವಣಿಗಳಾಗಿ ಒಡೆಯುವುದು ಈ ಕ್ಷೇತ್ರದ ಹಳೆಯ ಉಪಾಯ. ಬೇಕಾದದ್ದು ಇಪ್ಪತ್ತು ಸಾವಿರವಾದರೆ ಒಂದನ್ನಷ್ಟೇ ಮುರಿದರಾಯಿತು, ಉಳಿದವು ಬೆಳೆಯುತ್ತಿರುತ್ತವೆ. ಇದನ್ನೇ ಬ್ಯಾಂಕ್ ತಾನಾಗಿ ಮಾಡುವ ಏರ್ಪಾಡಿಗೆ ಆಟೋ ಸ್ವೀಪ್ ಎನ್ನುತ್ತಾರೆ. ಉಳಿತಾಯ ಖಾತೆಯಲ್ಲಿ ನಿಗದಿತ ಮಟ್ಟ ದಾಟಿದ ಹಣ ಠೇವಣಿಯಾಗುತ್ತದೆ, ಎಟಿಎಂನಲ್ಲಿ ಕಾರ್ಡ್ ಹಾಕಿದಾಗ ಬೇಕಾದಷ್ಟು ತುಂಡು ಮುರಿದು ಬರುತ್ತದೆ. ಸ್ಟೇಟ್ ಬ್ಯಾಂಕಿನಲ್ಲಿ ಈ ತುಂಡು ಸಾವಿರ ರೂಪಾಯಿಯ ಅಳತೆಯದು. ಉಳಿತಾಯ ಖಾತೆಯ ವೇಗ, ಠೇವಣಿಗೆ ಹತ್ತಿರದ ಬಡ್ಡಿ ಎರಡೂ ಒಂದೆಡೆ ಸಿಗುವ ಈ ಸೌಲಭ್ಯ ಶಾಖೆಗಳಲ್ಲಿ ಕೇಳಿದವರಿಗಷ್ಟೇ ಸಿಗುತ್ತದೆ ಎಂಬುದು ವಿಚಿತ್ರವೇನಲ್ಲ, ಶೇ 2.5ಕ್ಕೆ ಬಿದ್ದಿರುವ ಹಣವೇ ಬ್ಯಾಂಕಿಗೆ ಲಾಭ. ಅವಧಿ ಮುಗಿದ ಠೇವಣಿಯನ್ನು ಹಾಗೆಯೇ ಬಿಟ್ಟರೆ, 2021ರ ನಿಯಮದಂತೆ ಅದಕ್ಕೆ ಉಳಿತಾಯ ಖಾತೆಯ ದರ ಅಥವಾ ಮೊದಲು ಒಪ್ಪಿದ್ದ ದರ, ಇವೆರಡರಲ್ಲಿ ಕಡಿಮೆಯದು ಅನ್ವಯಿಸುತ್ತದೆ. ಹಾಗಾಗಿ ತಾನಾಗಿ ನವೀಕರಣವಾಗುವಂತೆ ಸೂಚನೆ ಬರೆಸುವುದು ವಾಡಿಕೆ.

ಅಂಚೆ ಕಚೇರಿಯ ಒಂದು ವರ್ಷದ ಠೇವಣಿಯ ದರ ಹಲವು ಬ್ಯಾಂಕುಗಳಿಗಿಂತ ಮೇಲಿದ್ದರೂ ಅದನ್ನು ಆರು ತಿಂಗಳು ಮುಟ್ಟುವಂತಿಲ್ಲ. ಭದ್ರತೆಯಲ್ಲಿ ಅದಕ್ಕೆ ಸಾಟಿಯಿಲ್ಲ, ಆದರೆ ತುರ್ತುನಿಧಿಗೆ ಹೊಂದದು.

ಲಿಕ್ವಿಡ್ ಫಂಡ್

ಲಿಕ್ವಿಡ್ ಫಂಡ್ ಎಂದರೆ 91 ದಿನದೊಳಗೆ ತೀರುವ ಸರ್ಕಾರಿ ಹುಂಡಿ, ಬ್ಯಾಂಕುಗಳ ಠೇವಣಿ ಪತ್ರ, ಕಂಪನಿಗಳ ಅಲ್ಪಾವಧಿ ಸಾಲಪತ್ರ ಮೊದಲಾದವುಗಳಲ್ಲಿ ಮಾತ್ರ ಹಣ ತೊಡಗಿಸುವ ಮ್ಯೂಚುಯಲ್ ಫಂಡ್. ಹೂಡಿದವರಿಗೆ ಯೂನಿಟ್ಟುಗಳು ಸಿಗುತ್ತವೆ, ಅವುಗಳ ಬೆಲೆ ದಿನವೂ ಸ್ವಲ್ಪ ಸ್ವಲ್ಪ ಏರುತ್ತದೆ. ಬಡ್ಡಿಯ ಭರವಸೆ ಇಲ್ಲ, ಠೇವಣಿ ವಿಮೆಯೂ ಇಲ್ಲ. ಗಳಿಕೆ ರಿಸರ್ವ್ ಬ್ಯಾಂಕಿನ ರೆಪೊ ದರದ ಆಸುಪಾಸಿನಲ್ಲಿ ಏರಿಳಿಯುತ್ತದೆ.

ಹಣ ವಾಪಸ್ ಬರುವ ಬಗೆ ಎರಡು. ಸಾಮಾನ್ಯ ಮಾರ್ಗದಲ್ಲಿ ಮಧ್ಯಾಹ್ನ 3 ಗಂಟೆಯೊಳಗೆ ಕೋರಿಕೆ ಸಲ್ಲಿಸಿದರೆ ಮುಂದಿನ ಕೆಲಸದ ದಿನ ಬ್ಯಾಂಕ್ ಖಾತೆಗೆ ಹಣ ಬರುತ್ತದೆ. ಶುಕ್ರವಾರ 3 ಗಂಟೆ ದಾಟಿ ಸಲ್ಲಿಸಿದ್ದು ಸೋಮವಾರದ ಲೆಕ್ಕಕ್ಕೆ ಹೋಗಿ ಕೈಸೇರುವುದು ಮಂಗಳವಾರ. ನಡುವೆ ರಜೆ ಬಂದರೆ ಇನ್ನೂ ತಡ. ಎರಡನೆಯದು ತಕ್ಷಣ ಪಾವತಿ. ಸೆಬಿ 2017ರಲ್ಲಿ ಹಾಕಿದ ಮಿತಿಯಂತೆ ಒಬ್ಬ ಹೂಡಿಕೆದಾರನಿಗೆ ಒಂದು ಯೋಜನೆಯಲ್ಲಿ ದಿನಕ್ಕೆ 50,000 ರೂಪಾಯಿ ಅಥವಾ ಒಟ್ಟು ಹೂಡಿಕೆಯ ಶೇ 90, ಇವೆರಡರಲ್ಲಿ ಕಡಿಮೆಯಾದುದು ರಾತ್ರಿಯಾಗಲಿ ರಜೆಯಾಗಲಿ ಕೂಡಲೇ ಸಿಗುತ್ತದೆ. ಎಲ್ಲ ಕಂಪನಿಗಳೂ ಈ ಸೌಲಭ್ಯ ಇಟ್ಟಿಲ್ಲ, ಇಟ್ಟವರೂ ತಮ್ಮದೇ ಆ್ಯಪ್‌ನಲ್ಲಿ ಮಾತ್ರ ಕೊಡುವುದುಂಟು. ಹೂಡಿದ ಆರು ದಿನದೊಳಗೆ ತೆಗೆದರೆ ನಿರ್ಗಮನ ಶುಲ್ಕವಿದೆ. ಮೊದಲ ದಿನ ತೆಗೆದ 50,000ಕ್ಕೆ ಅದು ಮೂರೂವರೆ ರೂಪಾಯಿ. ಚಿಂತೆ ಮಾಡುವಷ್ಟು ದೊಡ್ಡದಲ್ಲ.

ಅಪಾಯ ಎಲ್ಲಿದೆ ಎಂಬುದಕ್ಕೆ ಇತಿಹಾಸ ಉತ್ತರ ಕೊಡುತ್ತದೆ. 2017ರ ಫೆಬ್ರುವರಿಯಲ್ಲಿ ಬಲ್ಲಾರ್‌ಪುರ್ ಇಂಡಸ್ಟ್ರೀಸ್ ಎಂಬ ಕಾಗದ ಕಂಪನಿಯ ಸಾಲಪತ್ರದ ಶ್ರೇಯಾಂಕ ಕುಸಿದಾಗ, ಅದನ್ನು ಹಿಡಿದಿದ್ದ ಟಾರಸ್ ಲಿಕ್ವಿಡ್ ಫಂಡಿನ ಯೂನಿಟ್ ಬೆಲೆ ಒಂದೇ ದಿನ ಸುಮಾರು ಶೇ 7 ಬಿತ್ತು. 2018ರಲ್ಲಿ ಐಎಲ್ ಆ್ಯಂಡ್ ಎಫ್‌ಎಸ್ ಸಾಲ ತೀರಿಸದೆ ಹೋದಾಗ ಕೆಲವು ಲಿಕ್ವಿಡ್ ಫಂಡ್‌ಗಳಿಗೂ ಏಟು ಬಿತ್ತು. ಆಮೇಲೆ 2019ರಲ್ಲಿ ಸೆಬಿ ನಿಯಮ ಬಿಗಿ ಮಾಡಿತು: ಕನಿಷ್ಠ ಶೇ 20 ಭಾಗ ನಗದು, ಸರ್ಕಾರಿ ಸಾಲಪತ್ರಗಳಂಥ ತಕ್ಷಣ ಮಾರಬಹುದಾದ ರೂಪದಲ್ಲಿರಬೇಕು, ಹಿಡಿದಿರುವ ಪತ್ರಗಳ ಬೆಲೆಯನ್ನು ದಿನವೂ ಮಾರುಕಟ್ಟೆಗೆ ತಕ್ಕಂತೆ ತೋರಿಸಬೇಕು. 2020ರ ಏಪ್ರಿಲ್‌ನಲ್ಲಿ ಫ್ರಾಂಕ್ಲಿನ್ ಟೆಂಪಲ್ಟನ್ ಆರು ಸಾಲಪತ್ರ ಯೋಜನೆಗಳನ್ನು ಮುಚ್ಚಿ ಹಣ ಹಿಂತಿರುಗಿಸುವುದನ್ನು ನಿಲ್ಲಿಸಿದ್ದು ಬೇರೆ ಜಾತಿಯ ಘಟನೆ. ಅವುಗಳಲ್ಲಿ ಲಿಕ್ವಿಡ್ ಫಂಡ್ ಇರಲಿಲ್ಲ. ಅದಕ್ಕಿಂತ ಹೆಚ್ಚು ಕೊಡುವ ಅಲ್ಟ್ರಾ ಶಾರ್ಟ್ ಬಾಂಡ್ ಫಂಡ್ ಇತ್ತು. ಹೆಸರು ಹತ್ತಿರದ್ದೆಂದು ಆಪತ್ತಿನ ಹಣವನ್ನು ಅಲ್ಲಿಟ್ಟವರು ಲಾಕ್‌ಡೌನಿನ ನಡುವೆ ತಿಂಗಳುಗಟ್ಟಲೆ ಕಾದರು. ಫಂಡನ್ನು ಆರಿಸುವಾಗ ಕಳೆದ ವರ್ಷದ ಗಳಿಕೆಯ ಪಟ್ಟಿಯಲ್ಲಿ ಮೊದಲನೆಯದನ್ನು ಹಿಡಿಯುವುದು ಈ ಕಾರಣಕ್ಕೆ ತಪ್ಪು ದಾರಿ; ಕಂಪನಿ ಪ್ರಕಟಿಸುವ ಹೂಡಿಕೆ ಪಟ್ಟಿಯಲ್ಲಿ ಸರ್ಕಾರಿ ಹುಂಡಿ ಮತ್ತು ದೊಡ್ಡ ಬ್ಯಾಂಕುಗಳ ಪತ್ರ ಹೆಚ್ಚಿರುವ, ಬಹಳ ಹಣ ಸೇರಿರುವ ಫಂಡೇ ಇಲ್ಲಿಗೆ ಸಾಕು.

ತೆರಿಗೆಯ ಅನುಕೂಲವೂ ಈಗ ಉಳಿದಿಲ್ಲ. 2023ರ ಏಪ್ರಿಲ್ ನಂತರ ಹೂಡಿದ ಹಣದ ಗಳಿಕೆ, ಎಷ್ಟೇ ವರ್ಷ ಇಟ್ಟರೂ, ಠೇವಣಿ ಬಡ್ಡಿಯಂತೆ ಆದಾಯಕ್ಕೆ ಸೇರುತ್ತದೆ. ವ್ಯತ್ಯಾಸವಿರುವುದು ಸಮಯದಲ್ಲಿ: ಫಂಡಿನಲ್ಲಿ ತೆಗೆದಾಗ ಮಾತ್ರ ತೆರಿಗೆ.

ಒಂದು ಮನೆಯ ಲೆಕ್ಕ

ಮಾಗಡಿ ತಾಲ್ಲೂಕಿನಲ್ಲಿ ಹಿಪ್ಪುನೇರಳೆ ತೋಟ, ಎರಡು ಹಸು ಇರುವ ಮನೆಯ ತಿಂಗಳ ಖರ್ಚು 25,000 ರೂಪಾಯಿ ಎಂದಿಟ್ಟುಕೊಳ್ಳೋಣ. ಬೆಳೆ ಹೋದರೆ ಮೂರು ತಿಂಗಳಿಗೆ 75,000. ಮುಂದಿನ ಬೆಳೆಯ ಚಾಕಿ, ಕೂಲಿ, ಸೋಂಕು ನಿವಾರಣೆಗೆ 25,000. ಆಸ್ಪತ್ರೆಯ ಮೊದಲ ದಿನಕ್ಕೆ 50,000. ಒಟ್ಟು ಒಂದೂವರೆ ಲಕ್ಷ. ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದ ಅಥವಾ ಸಹಕಾರ ಸಂಘದ ಸದಸ್ಯರಿಗಿರುವ ಯಶಸ್ವಿನಿಯ ರಕ್ಷಣೆ ಇದ್ದವರಿಗೆ ಕೊನೆಯ ಭಾಗ ಕಡಿಮೆಯಾದೀತು, ಪೂರ್ತಿ ಹೋಗದು. ಓಡಾಟ, ಊಟ, ಯೋಜನೆಗೆ ಸೇರದ ಔಷಧಿಗಳ ಖರ್ಚು ಕೈಯಿಂದಲೇ ಆಗಬೇಕು.

ಈ ಮೊತ್ತವನ್ನು ಉಳಿತಾಯ ಖಾತೆಯಲ್ಲಿ 30,000, ಇಪ್ಪತ್ತು ಸಾವಿರದ ಮೂರು ಠೇವಣಿಗಳಲ್ಲಿ 60,000, ಲಿಕ್ವಿಡ್ ಫಂಡಿನಲ್ಲಿ 60,000 ಎಂದು ಹಂಚಿದರೆ, ನಡುರಾತ್ರಿಯಲ್ಲೂ ಖಾತೆಯಿಂದ 30,000 ಮತ್ತು ಫಂಡಿನ ತಕ್ಷಣ ಪಾವತಿಯಿಂದ 50,000 ಸೇರಿ 80,000 ಸಿಗುತ್ತದೆ. ಮೂರು ದರಗಳನ್ನು ಕ್ರಮವಾಗಿ ಶೇ 2.5, 5.5 ಮತ್ತು 6 ಎಂದು ಹಿಡಿದರೆ ವರ್ಷದ ಗಳಿಕೆ 750, 3,300 ಮತ್ತು 3,600, ಒಟ್ಟು 7,650 ರೂಪಾಯಿ. ಎಲ್ಲವನ್ನೂ ಉಳಿತಾಯ ಖಾತೆಯಲ್ಲೇ ಬಿಟ್ಟಿದ್ದರೆ 3,750. ಇಷ್ಟೆಲ್ಲ ಏರ್ಪಾಡಿನ ಫಲ ವರ್ಷಕ್ಕೆ 3,900, ತಿಂಗಳಿಗೆ 325 ರೂಪಾಯಿ. ಇದಕ್ಕೆ ಎದುರಾಗಿ, ಹಣ ಸಮಯಕ್ಕೆ ಸಿಗದೆ 50,000 ರೂಪಾಯಿಗೆ ಒಡವೆ ಅಡವಿಟ್ಟು, ತಿಂಗಳಿಗೆ ನೂರಕ್ಕೆ ಎರಡು ರೂಪಾಯಿ ಬಡ್ಡಿಯಂತೆ ನಾಲ್ಕು ತಿಂಗಳಿಗೆ ಬಿಡಿಸಿಕೊಂಡರೆ ಹೋಗುವುದು 4,000. ವರ್ಷವಿಡೀ ಗಳಿಸಿದ ಹೆಚ್ಚುವರಿ ಒಂದೇ ಗಿರವಿಯಲ್ಲಿ ತೀರಿತು.

ಈ ಲೆಕ್ಕದಿಂದ ಉಳಿತಾಯ ಖಾತೆಯೊಂದೇ ಸಾಕು ಎಂಬ ತೀರ್ಮಾನಕ್ಕೂ ಬರಬಹುದು. ಸ್ಮಾರ್ಟ್‌ಫೋನ್ ಬಳಸದ ಹಿರಿಯರ ಮನೆಯಲ್ಲಿ ಅದು ಸರಿಯೇ. ಅಂಥವರಿಗೆ ಲಿಕ್ವಿಡ್ ಫಂಡ್ ಬಿಟ್ಟು, ಖಾತೆಯಲ್ಲಿ ಐವತ್ತು ಸಾವಿರ, ಉಳಿದದ್ದು ಅದೇ ಶಾಖೆಯಲ್ಲಿ ಸಣ್ಣ ಠೇವಣಿ ಅಥವಾ ಆಟೋ ಸ್ವೀಪ್ ಎಂದರೆ ಮುಗಿಯಿತು. ಆದರೆ ಖಾತೆಯಲ್ಲಿ ಕಣ್ಣೆದುರು ಬಿದ್ದಿರುವ ಒಂದೂವರೆ ಲಕ್ಷ ಉಳಿಯುವುದು ಕಷ್ಟ. ಗೂಡಿನ ಹಣ, ಹಾಲಿನ ಹಣ ಬರುವ ಖಾತೆಯಿಂದಲೇ ಗೊಬ್ಬರದ ಅಂಗಡಿಗೂ ಹಬ್ಬಕ್ಕೂ ಹೋಗುವಾಗ ತುರ್ತುನಿಧಿ ಎಲ್ಲಿಂದ ಶುರುವಾಗುತ್ತದೆ ಎಂಬ ಗೆರೆಯೇ ಅಳಿಸುತ್ತದೆ. ಠೇವಣಿ, ಫಂಡುಗಳು ತಿಂಗಳಿಗೆ 325 ರೂಪಾಯಿಗಿಂತ ಹೆಚ್ಚಾಗಿ ಈ ಗೆರೆಗಾಗಿ ಉಪಯುಕ್ತ.

ಚಿನ್ನ, ಚೀಟಿ ಮತ್ತು ಹಣದುಬ್ಬರದ ಆಕ್ಷೇಪ

ಮನೆಯಲ್ಲಿ ಒಡವೆಯಿರುವಾಗ ಬೇರೆ ನಿಧಿ ಯಾಕೆ ಎಂಬ ಪ್ರಶ್ನೆ ಸಾಮಾನ್ಯ. ಚಿನ್ನದ ಬೆಲೆ ಏರಿದೆ ನಿಜ, ಬ್ಯಾಂಕಿನ ಚಿನ್ನದ ಸಾಲ ಗಿರವಿ ಅಂಗಡಿಗಿಂತ ಅಗ್ಗವೂ ಹೌದು. ಆದರೆ ಅದು ಸಾಲ. ಬೆಳೆ ಹೋಗಿ ಆದಾಯ ನಿಂತ ತಿಂಗಳಿನಿಂದಲೇ ಬಡ್ಡಿ ಏರುತ್ತದೆ, ಬಿಡಿಸಲಾಗದಿದ್ದರೆ ಹರಾಜು. ಅದನ್ನು ನಿಧಿ ಮುಗಿದ ಮೇಲಿನ ಎರಡನೇ ಸಾಲಿನ ರಕ್ಷಣೆ ಎಂದು ಎಣಿಸುವುದು ಸೂಕ್ತ. ಚೀಟಿಯ ತೊಂದರೆ ಬೇರೆ: ಹಣ ಬೇಕಾದ ತಿಂಗಳು ಹರಾಜಿನಲ್ಲಿ ಕೂಗಿ, ಇತರರಿಗಿಂತ ಹೆಚ್ಚು ತಳ್ಳಿ ಎತ್ತಬೇಕು. ಗೂಡಿನ ಬೆಲೆ ಬಿದ್ದ ತಿಂಗಳು ಎಲ್ಲರೂ ಕೂಗುವುದರಿಂದ ಕಳೆದುಕೊಳ್ಳುವ ಮೊತ್ತ ಅತಿ ಹೆಚ್ಚಾಗುವುದು ಆಗಲೇ. 1982ರ ಚಿಟ್ ಫಂಡ್ ಕಾಯ್ದೆಯಡಿ ನೋಂದಾಯಿಸಿದ ಚೀಟಿಗೂ ಈ ಮಿತಿ ಇದ್ದೇ ಇದೆ. ನೋಂದಣಿ ಮೋಸವನ್ನು ತಡೆಯಬಹುದು, ಕೊರತೆಯನ್ನಲ್ಲ.

ಬೆಲೆಯೇರಿಕೆಯ ಮುಂದೆ ಈ ಬಡ್ಡಿ ಸೋಲುತ್ತದೆ, ಷೇರು ಫಂಡಿನಲ್ಲಿ ಇಟ್ಟರೆ ಬೆಳೆಯುತ್ತದೆ ಎಂಬುದು ಇನ್ನೊಂದು ವಾದ. ಬೆಳೆಯುವ ಮಾತು ದೀರ್ಘ ಅವಧಿಗೆ ಸಲ್ಲುತ್ತದೆ. 2020ರ ಮಾರ್ಚ್‌ನಲ್ಲಿ ಆದಾಯ ನಿಂತ ವಾರಗಳಲ್ಲೇ ಷೇರುಪೇಟೆಯೂ ಮೂರನೇ ಒಂದಕ್ಕಿಂತ ಹೆಚ್ಚು ಕುಸಿದಿತ್ತು. ಆಗ ಮಾರಿದವರಲ್ಲಿ ಹಲವರು ಖರೀದಿಸಿದ ಬೆಲೆಯನ್ನೂ ಕಾಣಲಿಲ್ಲ.

ಠೇವಣಿ ವಿಮೆ ಮತ್ತು ಇಂದಿನ ಸ್ಥಿತಿ

ಬ್ಯಾಂಕ್ ಠೇವಣಿ ವಿಮೆ 1962ರಲ್ಲಿ 1,500 ರೂಪಾಯಿ ಮಿತಿಯೊಂದಿಗೆ ಆರಂಭವಾಯಿತು. 2020ರ ಫೆಬ್ರುವರಿಯಿಂದ ಒಬ್ಬ ಠೇವಣಿದಾರನಿಗೆ ಒಂದು ಬ್ಯಾಂಕಿನಲ್ಲಿ ಅಸಲು ಬಡ್ಡಿ ಸೇರಿ 5 ಲಕ್ಷದವರೆಗೆ ರಕ್ಷಣೆಯಿದೆ. ವಾಣಿಜ್ಯ ಬ್ಯಾಂಕು, ಗ್ರಾಮೀಣ ಬ್ಯಾಂಕು, ಸಣ್ಣ ಹಣಕಾಸು ಬ್ಯಾಂಕು, ಸಹಕಾರಿ ಬ್ಯಾಂಕು ಇದರೊಳಗೆ ಬರುತ್ತವೆ. ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘ, ಸೌಹಾರ್ದ ಪತ್ತಿನ ಸಹಕಾರಿಗಳು ಬರುವುದಿಲ್ಲ. ನಾಲ್ಕೂ ತಾಲ್ಲೂಕುಗಳ ಪೇಟೆಗಳಲ್ಲಿ ಇವುಗಳ ಫಲಕ ಬ್ಯಾಂಕಿನಂತೆಯೇ ಕಾಣುವುದರಿಂದ ಈ ವ್ಯತ್ಯಾಸ ಗಮನಕ್ಕೆ ಬಾರದೆ ಹೋಗುತ್ತದೆ.

ವಿಮೆ ಇದೆಯೆಂದ ಮಾತ್ರಕ್ಕೆ ಹಣ ಬೇಗ ಸಿಗುತ್ತದೆ ಎಂದಲ್ಲ. 2020ರ ಜನವರಿಯಲ್ಲಿ ಬೆಂಗಳೂರಿನ ಶ್ರೀ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನ ಮೇಲೆ ರಿಸರ್ವ್ ಬ್ಯಾಂಕ್ ನಿರ್ಬಂಧ ಹೇರಿ, ಠೇವಣಿದಾರರು 35,000 ರೂಪಾಯಿಗಿಂತ ಹೆಚ್ಚು ತೆಗೆಯದಂತೆ ಮಾಡಿತು. ಮಿತಿ ಮುಂದೆ ಸಡಿಲವಾದರೂ ನಿರ್ಬಂಧ ವರ್ಷಗಟ್ಟಲೆ ಮುಂದುವರಿಯಿತು. ಆ ಬ್ಯಾಂಕಿನ ಬಡ್ಡಿದರ ಇತರ ಬ್ಯಾಂಕುಗಳಿಗಿಂತ ಹೆಚ್ಚಿದ್ದುದೇ ಹಲವು ಹಿರಿಯ ನಾಗರಿಕರನ್ನು ಸೆಳೆದಿತ್ತು. 2021ರ ತಿದ್ದುಪಡಿಯಂತೆ ಇಂಥ ನಿರ್ಬಂಧ ಬಿದ್ದ 90 ದಿನದೊಳಗೆ ವಿಮೆಯ ಹಣ ಕೊಡಬೇಕು. ಅದು ದೊಡ್ಡ ಸುಧಾರಣೆ; ಆದರೂ ಆಪತ್ತಿನ ಹಣಕ್ಕೆ 90 ದಿನ ಒಂದು ರೇಷ್ಮೆ ಬೆಳೆ ತಪ್ಪಿದಾಗ ಆಗುವ ಅಂತರದಷ್ಟೇ ಉದ್ದ. ಹಣವನ್ನು ಎರಡು ಬ್ಯಾಂಕುಗಳಲ್ಲಿ ಹಂಚುವ ರೂಢಿಗೆ 5 ಲಕ್ಷದ ಮಿತಿಗಿಂತ ಈ ಕಾಯುವಿಕೆಯೇ ಬಲವಾದ ಕಾರಣ.

2025ರಲ್ಲಿ ರಿಸರ್ವ್ ಬ್ಯಾಂಕ್ ರೆಪೊ ದರವನ್ನು ಶೇ 6.5ರಿಂದ ಹಂತಹಂತವಾಗಿ ಇಳಿಸಿ ಜೂನ್ ವೇಳೆಗೆ 5.5ಕ್ಕೆ ತಂದಿತು. ಇಂಥ ಇಳಿಕೆ ಲಿಕ್ವಿಡ್ ಫಂಡ್‌ಗಳ ಗಳಿಕೆಯಲ್ಲಿ ವಾರಗಳೊಳಗೆ ಕಾಣುತ್ತದೆ. ಮೊದಲೇ ಇಟ್ಟ ಠೇವಣಿಗೆ ಹಳೆಯ ದರ ಅವಧಿ ಮುಗಿಯುವವರೆಗೆ ಉಳಿಯುತ್ತದೆ. ದರ ಏರುವಾಗ ಇದು ತಿರುವುಮುರುವು. ಬ್ಯಾಂಕುಗಳ ವಿಲೀನ ಇನ್ನೊಂದು ಬದಲಾವಣೆ. ಸ್ಟೇಟ್ ಬ್ಯಾಂಕ್ ಆಫ್ ಮೈಸೂರು 2017ರಲ್ಲಿ ಸ್ಟೇಟ್ ಬ್ಯಾಂಕಿನೊಳಗೆ, ಸಿಂಡಿಕೇಟ್ ಬ್ಯಾಂಕ್ 2020ರಲ್ಲಿ ಕೆನರಾ ಬ್ಯಾಂಕಿನೊಳಗೆ ಸೇರಿದವು. ರಾಜ್ಯದ ಎರಡು ಗ್ರಾಮೀಣ ಬ್ಯಾಂಕುಗಳು 2025ರ ಮೇ 1ರಂದು ಒಂದಾಗಿ ಬಳ್ಳಾರಿಯನ್ನು ಕೇಂದ್ರ ಮಾಡಿಕೊಂಡವು. ವಿಲೀನವಾದಾಗ ಶಾಖೆಯ ಐಎಫ್‌ಎಸ್‌ಸಿ ಬದಲಾಗುವುದುಂಟು. ಲಿಕ್ವಿಡ್ ಫಂಡಿನಲ್ಲಿ ಹಳೆಯ ಸಂಖ್ಯೆಯೇ ನೋಂದಣಿಯಲ್ಲಿ ಉಳಿದಿದ್ದರೆ ಹಿಂತೆಗೆದ ಹಣ ಖಾತೆಗೆ ಸೇರದೆ ಮರಳುತ್ತದೆ, ಹೊಸ ಖಾತೆ ವಿವರ ಪರಿಶೀಲನೆಯಾಗಲು ದಿನಗಳು ಹಿಡಿಯುತ್ತವೆ. ಸಣ್ಣ ಮೊತ್ತವೊಂದನ್ನು ಫಂಡಿನಿಂದ ತೆಗೆದು ಖಾತೆಗೆ ಬಂತೇ ಎಂದು ನೋಡುವುದರಿಂದ ಈ ದೋಷ ಆಪತ್ತಿಗೆ ಮೊದಲೇ ಗೊತ್ತಾಗುತ್ತದೆ.